‘ಚೆಕರ್’ ಎಂದರೆ ತಾಳೆ ನೋಡುವವರಷ್ಟೇ ಅಲ್ಲ: ಪಾವತಿ ಹೊಣೆಗಳ ಹೆಸರು ಮತ್ತು ದಾಖಲೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



15ನೇ ಹಣಕಾಸು ಆಯೋಗದ ಅನುದಾನದ ಪಾವತಿಗಳು ಇ-ಗ್ರಾಮ ಸ್ವರಾಜ್ ತಂತ್ರಾಂಶದ ಮೂಲಕ ನಡೆಯುತ್ತ ಬಂದಿವೆ. ಅಲ್ಲಿ ಪರದೆಯ ಮೇಲೆ Maker ಮತ್ತು Checker ಎಂಬ ಎರಡು ಹೊಣೆಗಳು ಕಾಣುತ್ತವೆ. ಸಾಮಾನ್ಯವಾಗಿ ಮೊದಲನೆಯದು ಪಂಚಾಯತಿ ಅಭಿವೃದ್ಧಿ ಅಧಿಕಾರಿಯದು ಅಥವಾ ಕಾರ್ಯದರ್ಶಿಯದು, ಎರಡನೆಯದು ಅಧ್ಯಕ್ಷರದು. ‘ಚೆಕರ್’ ಎಂಬ ಹೆಸರನ್ನು ಕೇಳಿದವರು ಅದು ಬಿಲ್ಲನ್ನು ತಾಳೆ ನೋಡುವ ಕೆಲಸವೆಂದು ತಿಳಿಯುವುದು ಸಹಜ. ಆದರೆ ಆ ಡಿಜಿಟಲ್ ಸಹಿ ಬಿದ್ದೊಡನೆ ಪಾವತಿ ಆದೇಶವು ಬ್ಯಾಂಕಿನತ್ತ ಹೊರಡುತ್ತದೆ. ಅದನ್ನು ತಡೆಯಲು ಪಂಚಾಯತಿಯಲ್ಲಿ ಮತ್ತೊಂದು ಕೈ ಉಳಿದಿರುವುದಿಲ್ಲ. ಹೆಸರು ಹೇಳುವುದು ಕಡಿಮೆ, ಕೊಡುವ ಅಧಿಕಾರ ಹೆಚ್ಚು.

ಒಂದು ಪಂಚಾಯತಿಯನ್ನು ಊಹಿಸಿಕೊಳ್ಳಬಹುದು. ಅದರ ವಹಿಯಲ್ಲಿ ‘ಚೆಕರ್: ಅಧ್ಯಕ್ಷರು’ ಎಂದಷ್ಟೇ ಬರೆದಿದೆ. 30 ತಿಂಗಳ ಅವಧಿ ಮುಗಿದು ಹೊಸ ಅಧ್ಯಕ್ಷೆ ಅಧಿಕಾರ ವಹಿಸಿಕೊಂಡಿದ್ದಾರೆ. ಡಿಜಿಟಲ್ ಸಹಿಯ ಪ್ರಮಾಣಪತ್ರವಾದರೋ ಹುದ್ದೆಗಲ್ಲ, ವ್ಯಕ್ತಿಯ ಹೆಸರಿಗೆ ನೀಡಲ್ಪಟ್ಟದ್ದು; ಅಧಿಕಾರಾವಧಿ ಮುಗಿದರೂ ಅದರ ಸಿಂಧುತ್ವ ತಾನಾಗಿ ಮುಗಿಯದು. ಹಿಂದಿನ ಅಧ್ಯಕ್ಷರ ಟೋಕನ್ ಆಪರೇಟರರ ಮೇಜಿನ ಖಾನೆಯಲ್ಲಿದೆ, ಪಿನ್ ಅದಕ್ಕೆ ಅಂಟಿಸಿದ ಚೀಟಿಯಲ್ಲಿದೆ. ಚರಂಡಿ ಕಾಮಗಾರಿಯ 1,80,000 ರೂಪಾಯಿ ಬಿಲ್ಲಿಗೆ ಆ ಟೋಕನ್ನಿನಿಂದಲೇ ಸಹಿ ಬೀಳುತ್ತದೆ. ಅಧಿಕಾರದಲ್ಲಿರುವವರು ನೋಡಿಲ್ಲ, ಸಹಿಯಲ್ಲಿ ಹೆಸರಿರುವವರು ಅಧಿಕಾರದಲ್ಲಿಲ್ಲ. ಲೆಕ್ಕ ಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವರು ಯಾರು?

ತಂತ್ರಾಂಶದಲ್ಲಿನ ಹೆಸರನ್ನು ಪಂಚಾಯತಿ ಬದಲಿಸಲಾರದು, ವಹಿಯನ್ನು ಬದಲಿಸಬಹುದು. ಪರದೆಯ ಹೆಸರನ್ನು ಇದ್ದಂತೆಯೇ ಬರೆದು, ಅದರ ಪಕ್ಕದಲ್ಲಿ ಮಾಡುವ ಕೆಲಸದಿಂದಲೇ ಹೊಣೆಯನ್ನು ಕರೆಯಬೇಕು. ಉದಾಹರಣೆಗೆ: “Checker: ಪಾವತಿಗೆ ಅಂತಿಮ ಸಹಿ. ಈ ಸಹಿಯಿಂದ ಹಣ ಹೊರಹೋಗುತ್ತದೆ. ಪಾವತಿಯನ್ನು ಸಿದ್ಧಪಡಿಸುವುದು ಈ ಹೊಣೆಯಲ್ಲಿ ಸೇರಿಲ್ಲ. ಮೇಕರ್ ಹೊಣೆ ಹೊತ್ತವರು ಇದನ್ನು ಹೊರುವಂತಿಲ್ಲ. ಟೋಕನ್ ಅಧ್ಯಕ್ಷರ ವಶದಲ್ಲಿರತಕ್ಕದ್ದು. ಅಧಿಕಾರ ಬಿಟ್ಟ ದಿನವೇ ಹಳೆಯ ಸಹಿಯ ನೋಂದಣಿಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳತಕ್ಕದ್ದು.” ಇದರ ಕೆಳಗೆ ಹೊಣೆ ಹೊತ್ತವರ ಹೆಸರು, ವಹಿಸಿಕೊಂಡ ದಿನಾಂಕ, ಪ್ರಮಾಣಪತ್ರ ಮುಗಿಯುವ ದಿನಾಂಕ, ಬಿಟ್ಟ ದಿನಾಂಕ ಇರಲಿ. ಪಿನ್ ಆಗಲಿ ಪಾಸ್‌ವರ್ಡ್ ಆಗಲಿ ಈ ವಹಿಗೆ ಸೇರತಕ್ಕದ್ದಲ್ಲ. ‘ಇತರೆ ಕೆಲಸಗಳು’ ಎಂಬ ಮಾತೂ ಬೇಡ. ಅದರೊಳಗೆ ಏನನ್ನಾದರೂ ತುರುಕಬಹುದು.

ವಹಿ ಸರಿಯಿದೆಯೇ ಎಂದು ತಿಳಿಯಲು ಸದಸ್ಯರಿಗೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಕೊನೆಯ ಮೂರು ಪಾವತಿಗಳ ವಿವರ ಕೇಳಿ, ಎರಡೂ ಸಹಿಗಳ ಹೆಸರು ಮತ್ತು ದಿನಾಂಕಗಳನ್ನು ವಹಿಯೊಡನೆ ಹೋಲಿಸಿದರೆ ಸಾಕು. ಸಹಿಯ ದಿನಾಂಕಕ್ಕಿಂತ ಮೊದಲೇ ಅಧಿಕಾರ ಬಿಟ್ಟವರ ಹೆಸರು ಕಂಡುಬಂದರೆ, ಅದನ್ನು ನಡವಳಿಯಲ್ಲಿ ದಾಖಲಿಸಿ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಲಿಖಿತವಾಗಿ ತಿಳಿಸಬೇಕು.