ಕೇಳಬೇಕಾದವರನ್ನೇ ಕೇಳುವುದು

ಪ್ರೀತಿಸಿದವರು ದೂರದಲ್ಲಿದ್ದಾಗ ಅವರ ಮನಸ್ಸಿನಲ್ಲಿ ಏನಿದೆಯೆಂದು ಮೂರನೆಯವರನ್ನು ಕೇಳುವ ರೂಢಿ ಇಂದು ನಿನ್ನೆಯದಲ್ಲ. ನಮ್ಮ ಯಕ್ಷಗಾನದಲ್ಲಿ ಕೊರವಂಜಿ ಬುಟ್ಟಿ ಹೊತ್ತು ಬರುತ್ತಾಳೆ, ವಿರಹದಲ್ಲಿ ಬೇಯುತ್ತಿರುವ ನಾಯಕಿಯ ಕೈ ಹಿಡಿದು ಕಣಿ ಹೇಳುತ್ತಾಳೆ. ಈಗ ನಗರಗಳಲ್ಲಿ ಆ ಜಾಗದಲ್ಲಿ ಟ್ಯಾರೋ ರೀಡಿಂಗ್ ಕೂತಿದೆ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಬೆಳಗಾದರೆ ಅಲ್ಲಿ ರಾತ್ರಿ. ನಾಲ್ಕು ದಿನ ಮಾತು ಸರಿಯಾಗಿ ಆಗದಿದ್ದರೆ ಮನಸ್ಸು ತಳಮಳಿಸುತ್ತದೆ, ಎಲೆ ಹಾಕಿಸಿ ನೋಡೋಣ ಅನ್ನಿಸುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಅವನ ಮನಸ್ಸಿನಲ್ಲಿ ನಾನು ಇನ್ನೂ ಇದ್ದೇನಾ?" ಈ ಪ್ರಶ್ನೆಯ ಹಿಂದಿರುವ ನೋವು ನಿಜ, ಅದನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅದನ್ನು ಒಯ್ಯುವ ವಿಳಾಸ ತಪ್ಪಿದೆ ಎಂಬುದು ನನ್ನ ವಾದ. ನಮ್ಮ ಮನಸ್ಸನ್ನು ನಾವೇ ನೋಡಿಕೊಳ್ಳಲು ಎಲೆಗಳು ನೆರವಾಗಬಹುದು. ದೂರದಲ್ಲಿರುವ ಇನ್ನೊಬ್ಬರ ಮನಸ್ಸನ್ನು ಅವುಗಳಿಂದ ಓದಲು ಹೊರಟರೆ, ಇರುವ ಸಂಬಂಧಕ್ಕೇ ಪೆಟ್ಟು ಬೀಳುತ್ತದೆ.

ಟ್ಯಾರೋ ಕಟ್ಟಿನಲ್ಲಿ 78 ಎಲೆಗಳಿರುತ್ತವೆ. ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಅವು ಬರಿಯ ಆಟದ ಎಲೆಗಳು; ಅವುಗಳಿಂದ ಭವಿಷ್ಯ ನೋಡುವ ಪದ್ಧತಿ ಬಲವಾದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಫ್ರಾನ್ಸಿನಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವ ಚಿತ್ರಗಳನ್ನು 1909ರಲ್ಲಿ ಪ್ರಕಟವಾದ ಕಟ್ಟಿಗಾಗಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದಳು. ಅದರಲ್ಲಿ 'ತ್ರೀ ಆಫ್ ವ್ಯಾಂಡ್ಸ್' ಎಂಬ ಎಲೆಯನ್ನು ನೋಡಿ. ಎತ್ತರದ ಜಾಗದಲ್ಲಿ ನೆಟ್ಟ ಮೂರು ಕೋಲುಗಳ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ, ಅವನ ಬೆನ್ನು ನಮ್ಮ ಕಡೆಗಿದೆ, ಎದುರಿನ ನೀರಿನ ಮೇಲೆ ಹಡಗುಗಳು ಸಾಗುತ್ತಿವೆ. ಹಡಗು ಮರಳಿ ಬರುವುದನ್ನು ಕಾಯುತ್ತಿದ್ದಾನೆಯೆ, ದೂರ ಹೋಗುವುದನ್ನು ಬೀಳ್ಕೊಡುತ್ತಿದ್ದಾನೆಯೆ? ಮುಖವೇ ಕಾಣದ್ದರಿಂದ ಚಿತ್ರ ಅದನ್ನು ಹೇಳುವುದಿಲ್ಲ. ನೆಮ್ಮದಿಯಲ್ಲಿರುವವಳಿಗೆ ಅವನು ತನಗಾಗಿ ಕಾದು ನಿಂತವನು, ಹೆದರಿದವಳಿಗೆ ಬೆನ್ನು ತಿರುಗಿಸಿದವನು. ನೋಡುವವಳ ಮನಸ್ಥಿತಿಯ ಬಗ್ಗೆ ಈ ಎಲೆ ಬಹಳಷ್ಟು ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನೊಬ್ಬರ ಮನಸ್ಸನ್ನು ಎಲೆಯಲ್ಲಿ ಓದುವುದರಿಂದ ಆಗುವ ಕೆಡುಕನ್ನು ಒಂದು ಜೋಡಿಯನ್ನು ಊಹಿಸಿಕೊಂಡು ನೋಡೋಣ. ಹುಡುಗಿ ಬೆಂಗಳೂರಿನಲ್ಲಿ, ಹುಡುಗ ಸ್ಯಾನ್ ಹೋಸೆಯಲ್ಲಿ. ಬೇಸಿಗೆಯಿಂದಲೂ ಅವನು ರಾತ್ರಿ ಊಟ ಮುಗಿಸಿ ಎಂಟೂವರೆಗೆ ಫೋನ್ ಮಾಡುತ್ತಾನೆ. ಆಗ ಇಲ್ಲಿ ಬೆಳಿಗ್ಗೆ ಒಂಬತ್ತು. ಅವಳು ಕೆಲಸ ಶುರು ಮಾಡುವ ಮುಂಚಿನ ಅರ್ಧ ಗಂಟೆ ಇಬ್ಬರದೂ. ನವೆಂಬರ್ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಭಾರತದಲ್ಲಿ ಇಡುವುದಿಲ್ಲ. ಎರಡು ಊರುಗಳ ನಡುವೆ ಹನ್ನೆರಡೂವರೆ ಗಂಟೆ ಇದ್ದ ಅಂತರ ಹದಿಮೂರೂವರೆ ಆಗುತ್ತದೆ. ಅವನ ಮೊಬೈಲು ತಾನಾಗಿಯೇ ಸಮಯ ತಿದ್ದಿಕೊಳ್ಳುತ್ತದೆ. ಅವನು ಎಂದಿನಂತೆ ಎಂಟೂವರೆಗೇ ಫೋನ್ ಮಾಡುತ್ತಾನೆ. ಇಲ್ಲಿ ಈಗ ಹತ್ತು ಗಂಟೆ, ಅವಳು ಮೀಟಿಂಗಿನಲ್ಲಿದ್ದಾಳೆ, ಎತ್ತುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಊಟದ ಹೊತ್ತಿನಲ್ಲಿ ಅವಳು ತಿರುಗಿ ಮಾಡಿದರೆ ಅಲ್ಲಿ ರಾತ್ರಿ ಹನ್ನೊಂದೂವರೆ. ನಿದ್ದೆಗಣ್ಣಿನಲ್ಲಿ ಅವನು ಹೂಂ, ಹೂಂ ಎನ್ನುತ್ತಾನೆ. ಎರಡು ವಾರ ಹೀಗೇ ನಡೆದರೆ ಅವಳಿಗೆ ಅವನು ತಣ್ಣಗಾಗಿದ್ದಾನೆ ಅನ್ನಿಸುತ್ತದೆ, ಅವನಿಗೆ ಅವಳು ಬೇಕೆಂದೇ ಫೋನ್ ಎತ್ತುತ್ತಿಲ್ಲ ಅನ್ನಿಸುತ್ತದೆ. ಈ ಸ್ಥಿತಿಯಲ್ಲಿ ಅವಳು ರೀಡಿಂಗ್ ಮಾಡಿಸುತ್ತಾಳೆ ಎನ್ನಿ. 'ಏಯ್ಟ್ ಆಫ್ ಕಪ್ಸ್' ಬರುತ್ತದೆ: ಜೋಡಿಸಿಟ್ಟ ಎಂಟು ಬಟ್ಟಲುಗಳನ್ನು ಹಿಂದೆ ಬಿಟ್ಟು, ಚಂದ್ರನ ಬೆಳಕಿನಲ್ಲಿ ಕೋಲೂರಿಕೊಂಡು ನಡೆದು ಹೋಗುತ್ತಿರುವ ಮನುಷ್ಯ. ಅವನು ಮನಸ್ಸಿನಿಂದ ದೂರ ಸರಿಯುತ್ತಿದ್ದಾನೆ ಎಂಬ ಮಾತು ಹುಟ್ಟುತ್ತದೆ. ಗಡಿಯಾರದ ಒಂದು ಗಂಟೆ ಹೃದಯದ ದೋಷವಾಗಿಬಿಡುತ್ತದೆ. ಮುಂದಿನ ಫೋನಿನಲ್ಲಿ ಅವಳ ದನಿಯಲ್ಲಿ ಅನುಮಾನ ಇರುತ್ತದೆ, ಆ ಅನುಮಾನಕ್ಕೆ ಅವನು ನಿಜವಾಗಿಯೇ ಮುದುಡುತ್ತಾನೆ.

ಹಾಗಾದರೆ ಪ್ರತಿ ಮೌನಕ್ಕೂ ಗಡಿಯಾರವೇ ಕಾರಣವೇ? ಖಂಡಿತ ಅಲ್ಲ. ಕೆಲವು ಮೌನಗಳಲ್ಲಿ ಪ್ರೀತಿ ನಿಜವಾಗಿಯೂ ಬತ್ತಿರುತ್ತದೆ. ಎರಡರ ವ್ಯತ್ಯಾಸವನ್ನು ನಡವಳಿಕೆಯಲ್ಲಿ ಗುರುತಿಸಬಹುದು. ತೊಂದರೆ ಹೊತ್ತಿನದಾಗಿದ್ದರೆ ಅದು ಕೆಲಸದ ದಿನಗಳಲ್ಲಿ ಮಾತ್ರ ಕಾಣುತ್ತದೆ; ಶನಿವಾರ, ಭಾನುವಾರ ಇಬ್ಬರಿಗೂ ಬಿಡುವಿದ್ದಾಗ ಮಾತು ಮೊದಲಿನ ಹದಕ್ಕೆ ಬರುತ್ತದೆ. ರಜಾದಿನಗಳಲ್ಲೂ ಮಾತು ಒಣಗಿದ್ದರೆ, ಮುಂದಿನ ಭೇಟಿ ಯಾವಾಗ ಎಂದರೆ ತಿಂಗಳುಗಟ್ಟಲೆ ಉತ್ತರ ಜಾರುತ್ತಿದ್ದರೆ, ಕೊನೆಗೆ ಯಾರು ಯಾವ ಊರಿಗೆ ಬಂದು ನೆಲೆಸುವುದು ಎಂಬ ಮಾತನ್ನೇ ಒಬ್ಬರು ಎತ್ತಗೊಡದಿದ್ದರೆ, ಆಗ ಆತಂಕಕ್ಕೆ ಆಧಾರವಿದೆ. ಈ ಗುರುತುಗಳು ಎಲ್ಲರ ಕಣ್ಣಿಗೂ ಬೀಳುವಂಥವು. ಇವುಗಳಿಗೆ ಎಲೆ ಬೇಡ. ಕ್ಯಾಲೆಂಡರು, ಜೊತೆಗೆ ಒಂದಿಷ್ಟು ಧೈರ್ಯ ಸಾಕು. ಎಲೆಯ ಮುಂದೆ ಕೂತಾಗ ಈ ಗುರುತುಗಳನ್ನು ನೋಡುವ ಕೆಲಸವೇ ಮುಂದಕ್ಕೆ ಹೋಗುತ್ತದೆ.

"ನನಗೆ ಹೇಳಿದ್ದೆಲ್ಲ ಹಾಗೇ ನಿಜವಾಗಿತ್ತು" ಎಂದು ಕೆಲವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ಅವರ ಸ್ವಭಾವದ ವರ್ಣನೆ ಎಂದು ಒಂದೊಂದು ಚೀಟಿ ಹಂಚಿದ. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಂತು. ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ವರ್ಣನೆ. ಅದರ ಬಹುಪಾಲು ವಾಕ್ಯಗಳನ್ನು ಆತ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದ. ಎಲ್ಲರಿಗೂ ಹೊಂದುವ ಮಾತನ್ನು ನಾವು ನಮ್ಮದೇ ಅಳತೆಗೆ ಹೊಲಿದುಕೊಳ್ಳುತ್ತೇವೆ. ದೂರದ ಪ್ರೀತಿಯಲ್ಲಿ ಇದು ಇನ್ನೂ ಸುಲಭ. ಅವನು ಮಾತನ್ನು ಒಳಗೇ ಇಟ್ಟುಕೊಂಡಿದ್ದಾನೆ, ಕೆಲಸದ ಭಾರದಲ್ಲಿದ್ದಾನೆ ಎಂದರೆ ಪರದೇಶದಲ್ಲಿ ದುಡಿಯುವ ಯಾರಿಗೆ ಹೊಂದುವುದಿಲ್ಲ? ಇನ್ನೊಂದು ಲೆಕ್ಕವನ್ನೂ ನೋಡಿ. 78 ಎಲೆಗಳಿಂದ ಮೂರನ್ನು ಸಾಲಾಗಿ ತೆಗೆದರೆ ಬರಬಹುದಾದ ಜೋಡಣೆಗಳು 4,56,456. ಒಂದೇ ಪ್ರಶ್ನೆಯನ್ನು ಒಂದೇ ರಾತ್ರಿ ಎರಡು ಸಲ ಕೇಳಿದರೆ ಅದೇ ಮೂರು ಎಲೆ ಬರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಆ ಐದು ನಿಮಿಷದಲ್ಲಿ ಅವನ ಮನಸ್ಸು ಬದಲಾಗಿರುವುದಿಲ್ಲ, ಎಲೆ ಮಾತ್ರ ಬದಲಾಗಿರುತ್ತದೆ. ಸಮಾಧಾನ ಸಿಗುವತನಕ ಮತ್ತೆ ಮತ್ತೆ ಎಲೆ ತೆಗೆಯುವವರು ಹುಡುಕುತ್ತಿರುವುದು ತಮಗೆ ಬೇಕಾದ ಉತ್ತರವನ್ನು.

ಇಲ್ಲಿ ಒಂದು ನೈತಿಕ ಪ್ರಶ್ನೆಯೂ ಇದೆ. ದೂರದಲ್ಲಿರುವ ಮನುಷ್ಯ ನಮ್ಮ ಪಾಲಿಗೆ ಎರಡಾಗಿರುತ್ತಾನೆ: ಅಲ್ಲಿ ಉಸಿರಾಡುತ್ತಿರುವವನು ಒಬ್ಬ, ಇಲ್ಲಿ ನಮ್ಮ ತಲೆಯಲ್ಲಿ ನಾವು ಕಟ್ಟಿಕೊಂಡವನು ಇನ್ನೊಬ್ಬ. ಈ ಎರಡರ ನಡುವಿನ ಬಿರುಕು ಎಷ್ಟು ದೊಡ್ಡದೆಂದು ಅಮೆರಿಕದಲ್ಲಿ ಲಾರಾ ಸ್ಟ್ಯಾಫರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. ದೂರವಿದ್ದು ಆಮೇಲೆ ಒಂದೇ ಊರಿಗೆ ಬಂದ ಪ್ರೇಮಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ, ಬಂದ ಮೂರು ತಿಂಗಳೊಳಗೇ ಬೇರೆಯಾದರು. ದೂರವನ್ನು ತಾಳಿಕೊಂಡವರಿಗೆ ಹತ್ತಿರವನ್ನು ತಾಳಿಕೊಳ್ಳಲು ಆಗಲಿಲ್ಲ. ದೂರವಿದ್ದಾಗ ಕಾಣದ ಗುಣಗಳು ಹತ್ತಿರ ಬಂದಾಗ ಕಂಡವು ಎಂಬುದು ಅವರಲ್ಲಿ ಹಲವರ ಅನುಭವ. ಅವನ ಮನಸ್ಸನ್ನು ಎಲೆಯಲ್ಲಿ ಓದಿದಾಗಲೆಲ್ಲ ನಾವು ಬೆಳೆಸುವುದು ನಾವು ಕಟ್ಟಿಕೊಂಡ ಆ ಎರಡನೆಯವನನ್ನು. ಜೊತೆಗೆ, ಅವನಿಗೆ ತಿಳಿಯದಂತೆ ಅವನ ಬಗ್ಗೆ ತೀರ್ಪು ಪಡೆದು, ಆ ತೀರ್ಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನೊಂದಿಗೆ ಮಾತಾಡುತ್ತೇವೆ. ತನ್ನ ಪರವಾಗಿ ಒಂದು ಮಾತು ಹೇಳುವ ಅವಕಾಶವೂ ಅವನಿಗಿಲ್ಲ. ಈ ಕಾರಣಕ್ಕೇ ಟ್ಯಾರೋ ನೋಡುವವರಲ್ಲೂ ಕೆಲವರು, ಎದುರಿಗಿಲ್ಲದ ಮೂರನೆಯವರ ಮನಸ್ಸಿನ ಬಗ್ಗೆ ಎಲೆ ಹಾಕುವುದಿಲ್ಲ ಎಂಬ ನಿಯಮ ಇಟ್ಟುಕೊಂಡಿದ್ದಾರೆ. ಅವರ ಆ ಸಂಯಮ ಗೌರವಕ್ಕೆ ಯೋಗ್ಯವಾದದ್ದು.

ಎರಡು ಆಕ್ಷೇಪಗಳು ಉಳಿಯುತ್ತವೆ. ಮೊದಲನೆಯದು, ನಡುರಾತ್ರಿಯ ಒಂಟಿತನದಲ್ಲಿ ಒಬ್ಬರಾದರೂ ಕೂತು ಕೇಳಿಸಿಕೊಂಡರೆ ಎದೆ ಹಗುರಾಗುವುದಿಲ್ಲವೇ ಎಂಬುದು. ಆಗುತ್ತದೆ, ನಾನು ಒಪ್ಪುತ್ತೇನೆ. ಅಲ್ಲಿ ಕೆಲಸ ಮಾಡುವುದು ಕೇಳಿಸಿಕೊಳ್ಳುವ ಕಿವಿ. ಆ ಕಿವಿಯ ಮುಂದೆ ಪ್ರಶ್ನೆಯನ್ನು ತಿರುಗಿಸಿ ಇಟ್ಟರೆ ಎಲೆಯೂ ಕೆಲಸಕ್ಕೆ ಬರುತ್ತದೆ. ಅವನು ಏನು ಯೋಚಿಸುತ್ತಿದ್ದಾನೆ ಎಂದು ಕೇಳುವುದನ್ನು ಬಿಟ್ಟು, ನಾನು ಯಾವುದಕ್ಕೆ ಹೆದರಿದ್ದೇನೆ, ಅವನಿಗೆ ಹೇಳದೆ ಉಳಿಸಿಕೊಂಡಿರುವ ಮಾತು ಯಾವುದು, ನಾಳೆ ಯಾವ ಮಾತಿನಿಂದ ಶುರು ಮಾಡಲಿ ಎಂದು ಮೂರು ಎಲೆಗಳ ಮುಂದೆ ಕೇಳಿಕೊಂಡರೆ, ಮೂರಕ್ಕೂ ಉತ್ತರ ಕೇಳುವವಳ ಒಳಗೇ ಇದೆ. ಬೆನ್ನು ತಿರುಗಿಸಿದ ಆ ಚಿತ್ರ ತನಗೇಕೆ ಭಯ ಹುಟ್ಟಿಸಿತು ಎಂದು ಅವಳು ಯೋಚಿಸಿದರೆ ಅದು ನಿಜವಾದ ಓದು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ನೇರವಾಗಿ ಕೇಳಿದರೆ ಅವನು ಸುಳ್ಳು ಹೇಳಬಹುದಲ್ಲ? ಹೇಳಬಹುದು. ಆದರೆ ಅವನ ಸುಳ್ಳನ್ನು ಅವನ ನಡತೆಯೊಂದಿಗೆ ಒರೆಗೆ ಹಚ್ಚಿ ನೋಡಬಹುದು. ಕೊಟ್ಟ ಮಾತಿಗೆ ತಾರೀಖಿದೆ, ಆ ತಾರೀಖು ಒಂದು ದಿನ ಬಂದೇ ಬರುತ್ತದೆ. ಎಲೆ ಹೇಳಿದ್ದನ್ನು ಹಾಗೆ ಒರೆಗೆ ಹಚ್ಚಲು ಯಾವ ಕಲ್ಲೂ ಇಲ್ಲ. ಕೇಳಿ ಮೋಸ ಹೋದರೆ ಮೋಸ ಅವನದು. ಕೇಳದೆಯೇ ತೀರ್ಮಾನಿಸಿದರೆ ಅನ್ಯಾಯ ನಮ್ಮದು.

ಆ ಜೋಡಿಯ ಬಳಿಗೆ ಮತ್ತೊಮ್ಮೆ ಹೋಗೋಣ. ನವೆಂಬರಿನ ನಂತರವೂ ಅವಳ ಬೆಳಗಿನ ಒಂಬತ್ತು ಗಂಟೆ ಉಳಿಯಬೇಕಾದರೆ ಅವನು ತನ್ನ ಎಂಟೂವರೆಯನ್ನು ಏಳೂವರೆಗೆ ತರಬೇಕು. ಅಂದರೆ ಊಟಕ್ಕೆ ಮುಂಚೆ, ಬಹುಶಃ ಒಲೆಯ ಮುಂದೆ ನಿಂತು ಮಾತಾಡಬೇಕು. ಅದಾಗದಿದ್ದರೆ ಅವಳು ಮೀಟಿಂಗನ್ನು ಹಿಂದುಮುಂದು ಮಾಡಿಸಿಕೊಳ್ಳಬೇಕು. ಯಾರು ಎಷ್ಟು ಸರಿಯುತ್ತಾರೆ ಎಂಬುದು ಆ ಸಂಬಂಧದ ನಿಜವಾದ ಕಣಿ, ಅದನ್ನು ಹೇಳಬಲ್ಲವರು ಅವರಿಬ್ಬರೇ. 78 ಎಲೆಗಳಲ್ಲಿ ಯಾವುದೂ ಉತ್ತರಿಸಲಾರದ, ಅವನು ಮಾತ್ರ ಉತ್ತರಿಸಬಲ್ಲ ಪ್ರಶ್ನೆ ಬಹಳ ಚಿಕ್ಕದು: "ನಾಳೆಯಿಂದ ಏಳೂವರೆಗೆ ಫೋನ್ ಮಾಡೋಕೆ ನಿನಗೆ ಆಗುತ್ತಾ?"