ಗುಂಡು ಎರಡರಲ್ಲೇ ಇತ್ತು

ಇಂದು ನಾನು ಹೇಳಹೊರಟಿರುವುದು ಒಂದು ಪುಟ್ಟ ಗುಂಡಿನ ಕಥೆ. ಮನೆಯಲ್ಲಿ ಆಕ್ಸಿಜನ್ ಮಶೀನು ಇಟ್ಟುಕೊಂಡವರು ಅದನ್ನು ನೋಡಿರುತ್ತೀರಿ. ಮಶೀನಿನ ಮುಂದೆ ಅಂಕಿ ಬರೆದ ಪಾರದರ್ಶಕ ಕೊಳವೆ ಇರುತ್ತದೆ. ಅದರೊಳಗೆ ಒಂದು ಗುಂಡು ತೇಲುತ್ತಿರುತ್ತದೆ.

ನಮ್ಮ ಅತ್ತೆಯವರಿಗೆ ಡಾಕ್ಟರು ನಿಮಿಷಕ್ಕೆ 2 ಲೀಟರ್ ಹೇಳಿದ್ದರು. ಒಂದು ರಾತ್ರಿ ಬೆರಳಿನ ಆಕ್ಸಿಮೀಟರ್ 86 ತೋರಿಸಿತು. ಗುಂಡು ನೋಡಿದರೆ ಸರಿಯಾಗಿ 2ರಲ್ಲೇ ಇದೆ! ನಮ್ಮವರು ಡಾಕ್ಟರಿಗೆ ಫೋನ್ ಮಾಡುತ್ತಿದ್ದರು, ನಾನು ಗುಂಡನ್ನೇ ನೋಡುತ್ತಾ ನಿಂತೆ.

ಆ ಗುಂಡು ಅಲ್ಲೇ ಯಾಕೆ ನಿಲ್ಲುತ್ತದೆ? ಕೊಳವೆಯ ಒಳಭಾಗ ಕೆಳಗೆ ಕಿರಿದು, ಮೇಲಕ್ಕೆ ಹೋದಂತೆ ಸ್ವಲ್ಪ ಸ್ವಲ್ಪ ಅಗಲ. ಗುಂಡಿನ ತೂಕ ಕೆಳಕ್ಕೆ ಎಳೆಯುತ್ತದೆ, ಅದರ ಸುತ್ತಲಿನ ಸಂದಿಯಲ್ಲಿ ನುಗ್ಗುವ ಗಾಳಿ ಮೇಲಕ್ಕೆ ತಳ್ಳುತ್ತದೆ. (ನೀರಿನ ಮೀಟರಾದರೆ ನೀರು ತೇಲಿಸುವ ಬಲವನ್ನೂ ಸೇರಿಸಬೇಕು. ಗಾಳಿಯಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು ಕಡಿಮೆ.) ವಾಲ್ವ್ ತಿರುಗಿಸಿ ಗಾಳಿ ಹೆಚ್ಚಿಸಿದರೆ ತಳ್ಳುವ ಬಲ ಗೆದ್ದು ಗುಂಡು ಏರುತ್ತದೆ. ಏರಿದಂತೆ ಸಂದಿ ಅಗಲವಾಗಿ ಗಾಳಿಯ ವೇಗ ತಗ್ಗುತ್ತದೆ. ಎರಡೂ ಬಲ ಸಮನಾದ ಕಡೆ ಗುಂಡು ನಿಲ್ಲುತ್ತದೆ.

ಗುಂಡಿನ ತೂಕ ಬದಲಾಗುವುದಿಲ್ಲ. ಹಾಗಾಗಿ 1ರಲ್ಲಿ ನಿಂತರೂ 2ರಲ್ಲಿ ನಿಂತರೂ ಸಂದಿಯಲ್ಲಿ ಗಾಳಿಯ ವೇಗ ಹೆಚ್ಚುಕಡಿಮೆ ಒಂದೇ. ಹರಿವು ಎರಡರಷ್ಟಾಗಬೇಕಾದರೆ ಸಂದಿಯೇ ಸುಮಾರು ಎರಡರಷ್ಟಾಗಬೇಕು, ಅಂದರೆ ಗುಂಡು ಅಷ್ಟು ಮೇಲೇರಬೇಕು. ಅದಕ್ಕೇ ಎತ್ತರವನ್ನು ಲೀಟರಾಗಿ ಓದಬಹುದು. ಮಶೀನು ವಾಲಿದ್ದರೆ ಗುಂಡು ಗೋಡೆಗೆ ಉಜ್ಜಿ ಈ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸಮನಾದ ನೆಲದ ಮೇಲಿಟ್ಟು, ಕಣ್ಣನ್ನು ಗುಂಡಿನ ಮಟ್ಟಕ್ಕೆ ತಂದು, ಗುಂಡಿನ ನಡುಮಧ್ಯ ಯಾವ ಗೆರೆಯಲ್ಲಿದೆ ಎಂದು ಓದಬೇಕು.

ಆ ರಾತ್ರಿ ಗುಂಡು ಸುಳ್ಳು ಹೇಳಿರಲಿಲ್ಲ. ಅದು ಹೇಳುವುದು ತನ್ನ ಪಕ್ಕದಲ್ಲಿ ಎಷ್ಟು ಹಾದುಹೋಯಿತು ಎಂದಷ್ಟೇ, ಮೂಗಿಗೆ ಎಷ್ಟು ಮುಟ್ಟಿತು ಎಂದಲ್ಲ. ಮೂಗಿನ ಹತ್ತಿರದ ಪೈಪನ್ನು ಒಂದು ಕ್ಷಣ ಬೆರಳಲ್ಲಿ ಮಡಚಿ ಹಿಡಿದೆ. ದಾರಿ ಮುಚ್ಚಿದರೆ ಹರಿವು ನಿಂತು ಗುಂಡು ಕೆಳಗೆ ಬೀಳಬೇಕು, ಇಲ್ಲವೇ ನೀರಿನ ಬಾಟಲಿಯ ಸುರಕ್ಷಾ ವಾಲ್ವ್ ಸಿಳ್ಳೆ ಹಾಕಬೇಕು. ಎರಡೂ ಆಗಲಿಲ್ಲ. ಅಂದರೆ ಗಾಳಿಗೆ ಬೇರೆ ದಾರಿ ಸಿಕ್ಕಿದೆ ಎಂದಾಯಿತು.

ಬಾಟಲಿಯ ಮುಚ್ಚಳ ಓರೆಯಾಗಿ ಕೂತಿತ್ತು. ಸಂಜೆ ನೀರು ಬದಲಿಸಿದವಳು ನಾನೇ. ಮುಚ್ಚಳ ತೆಗೆದು ನೆಟ್ಟಗೆ ತಿರುಗಿಸಿ ಮತ್ತೆ ಪೈಪ್ ಮಡಚಿದೆ. ಗುಂಡು ಜರ್ರನೆ ಕೆಳಗಿಳಿಯಿತು. ಬಿಟ್ಟೆ, 2ಕ್ಕೆ ಏರಿತು. ಡಾಕ್ಟರು ಲೈನಿನಲ್ಲಿರುವಾಗಲೇ ಆಕ್ಸಿಮೀಟರ್ 91 ತಲುಪಿತು.

ಅಂದಿನಿಂದ ನಮ್ಮ ಮನೆಯಲ್ಲಿ ನೀರು ಬದಲಿಸಿದವರು ಒಮ್ಮೆ ಪೈಪ್ ಮಡಚಿ ನೋಡಿಯೇ ಏಳುವುದು. ಅತ್ತೆಯವರೂ ಕೇಳುತ್ತಾರೆ, "ಗುಂಡು ಬಿತ್ತೇನಮ್ಮಾ?"