ಐವರಲ್ಲಿ ಒಬ್ಬರು: ಆ ಐವರು ಯಾರು?

ಅಂಕಿಗಳನ್ನು ಚಿತ್ರವಾಗಿಸುವ ಬಗೆಗಿನ ವಿಚಾರ ಸಂಕಿರಣವನ್ನು ಬೆಂಗಳೂರಿನಲ್ಲಿ ಮಾಡದೆ ಬಸವಕಲ್ಯಾಣಕ್ಕೆ ತಂದ ಸಂಘಟಕರಿಗೆ ಮೊದಲು ನನ್ನ ವಂದನೆ. ಈ ಜಿಲ್ಲೆಯಲ್ಲಿ ಒಂದೇ ಗೋಡೆಯ ಮುಂದೆ ಕನ್ನಡದವರು, ಮರಾಠಿಯವರು, ಉರ್ದು ಮತ್ತು ತೆಲುಗು ಮಾತಿನವರು ನಿಲ್ಲುತ್ತಾರೆ. ಯಾವ ಲಿಪಿಯೂ ಬಾರದವರೂ ನಿಲ್ಲುತ್ತಾರೆ. ಚಿತ್ರನಕ್ಷೆಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯ ಜಾಗ ನನಗೆ ಗೊತ್ತಿಲ್ಲ.

ಒಂದು ಒಳ್ಳೆಯ ಚಿತ್ರದಿಂದ ಶುರು ಮಾಡುತ್ತೇನೆ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಗಂಡಸರ ಸಾಕ್ಷರತೆ ಶೇಕಡಾ 79.09, ಹೆಂಗಸರದು 61.55. ಒಂದು ಸಾಲಿನಲ್ಲಿ ಐವರು ಗಂಡಸರನ್ನು ಬರೆದು ನಾಲ್ವರಿಗೆ ಬಣ್ಣ ತುಂಬಿ. ಕೆಳಗಿನ ಸಾಲಿನಲ್ಲಿ ಐವರು ಹೆಂಗಸರನ್ನು ಬರೆದು ಮೂವರಿಗೆ ತುಂಬಿ. 79 ಎಂಬತ್ತಾಯಿತು, 61.55 ಅರವತ್ತಾಯಿತು. ತಪ್ಪಿದ್ದು ಒಂದೂವರೆ ಅಂಶದಷ್ಟು, ಅಷ್ಟೆ. ನೋಡುವವರಿಗೆ ಗಂಡು ಹೆಣ್ಣಿನ ನಡುವಿನ ಅಂತರ ಒಂದೇ ನೋಟಕ್ಕೆ ಸಿಗುತ್ತದೆ. ಬರೆಯುವವರು ನೆನಪಿಡಬೇಕಾದದ್ದು ಒಂದು: ಜನಗಣತಿ ಏಳು ವರ್ಷ ಮತ್ತು ಮೇಲ್ಪಟ್ಟವರನ್ನು ಮಾತ್ರ ಈ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಐವರಲ್ಲಿ ಒಬ್ಬಳ ಕೈಗೆ ಮಗುವನ್ನು ಕೊಟ್ಟು ಚಂದ ಮಾಡಲು ಹೋದರೆ, ಲೆಕ್ಕದಲ್ಲಿ ಇಲ್ಲದವರು ಚಿತ್ರದೊಳಗೆ ಬಂದು ಕೂರುತ್ತಾರೆ.

ಈ ವಿದ್ಯೆಗೆ ಶಿಸ್ತು ತಂದುಕೊಟ್ಟವರು ಆಸ್ಟ್ರಿಯಾದ ಓಟೋ ನಾಯ್‌ರಾಟ್. 1925ರಲ್ಲಿ ವಿಯೆನ್ನಾದಲ್ಲಿ ಸಮಾಜ ಮತ್ತು ಆರ್ಥಿಕತೆಯ ವಸ್ತುಸಂಗ್ರಹಾಲಯವನ್ನು ಆರಂಭಿಸಿ, ನಗರದ ವಸತಿ, ದುಡಿಮೆ, ಕಾಯಿಲೆಗಳ ಅಂಕಿಗಳನ್ನು ಸಾಮಾನ್ಯ ಜನರ ಕಣ್ಣಿಗೆ ತಂದರು. ಮುಂದೆ ಇದಕ್ಕೆ ಐಸೋಟೈಪ್ ಎಂಬ ಹೆಸರು ಬಂತು. ಅವರ ಮುಖ್ಯ ನಿಯಮ ನಿಮಗೆಲ್ಲ ಗೊತ್ತು: ಪ್ರಮಾಣ ಹೆಚ್ಚಾದರೆ ಚಿತ್ರವನ್ನು ದೊಡ್ಡದು ಮಾಡಬಾರದು, ಅದೇ ಅಳತೆಯ ಚಿತ್ರಗಳನ್ನು ಹೆಚ್ಚು ಬರೆಯಬೇಕು. ತೊಗರಿಯ ಚೀಲವೊಂದನ್ನು ಎರಡರಷ್ಟು ಎತ್ತರ ಮಾಡಿದರೆ ಅಗಲವೂ ಎರಡರಷ್ಟಾಗಿ, ಕಣ್ಣಿಗೆ ನಾಲ್ಕು ಪಾಲು ಕಾಣುತ್ತದೆ. ಇದನ್ನು ಇಲ್ಲಿ ಕುಳಿತಿರುವ ಗಣಿತ ಶಿಕ್ಷಕರು ಪ್ರತಿ ವರ್ಷ ಕಲಿಸುತ್ತಾರೆ, ನಾನು ಹೆಚ್ಚು ಹೇಳಬೇಕಾಗಿಲ್ಲ. ಚಿತ್ರಗಳ ಗ್ರಹಿಕೆಯ ಬಗ್ಗೆ ನಡೆದಿರುವ ಅಧ್ಯಯನಗಳನ್ನು ಕಲಬುರಗಿಯಿಂದ ಬಂದಿರುವ ಮೇಡಂ ನಾಳೆಯ ಗೋಷ್ಠಿಯಲ್ಲಿ ವಿವರಿಸಲಿದ್ದಾರೆ. ಅವರ ಹೊಲಕ್ಕೆ ನಾನು ಕಾಲಿಡುವುದಿಲ್ಲ.

ಆದರೆ ಆ ವಿಯೆನ್ನಾದ ತಂಡದಲ್ಲಿ ಇನ್ನೊಂದು ಕೆಲಸವಿತ್ತು. ಮರೀ ರೈಡಮೈಸ್ಟರ್ ಎಂಬವರು, ಮುಂದೆ ಮರೀ ನಾಯ್‌ರಾಟ್ ಆದವರು, ಅದನ್ನು ಮಾಡುತ್ತಿದ್ದರು. ಅಂಕಿ ಕೊಡುವವರು ಒಂದು ಕಡೆ, ಗೆರ್ಡ್ ಆರ್ಂಟ್ಸ್‌ರಂಥ ಕಲಾವಿದರು ಇನ್ನೊಂದು ಕಡೆ. ನಡುವೆ ಕುಳಿತವರು ಮರೀ. ಈ ಅಂಕಿಯಲ್ಲಿ ಜನರಿಗೆ ತಿಳಿಯಬೇಕಾದದ್ದು ಯಾವುದು, ಒಂದು ಆಕೃತಿ ಎಷ್ಟು ಜನರಿಗೆ ಸಮ, ಯಾರನ್ನು ಯಾರ ಪಕ್ಕದಲ್ಲಿ ನಿಲ್ಲಿಸಬೇಕು ಎಂದು ಅವರು ನಿರ್ಧರಿಸುತ್ತಿದ್ದರು. 1950ರ ದಶಕದಲ್ಲಿ ಅವರು ಪಶ್ಚಿಮ ನೈಜೀರಿಯಾಕ್ಕೆ ಹೋದಾಗ ಯುರೋಪಿನ ಚಿತ್ರಗಳನ್ನು ಹಾಗೇ ಅಂಟಿಸಲಿಲ್ಲ. ಅಲ್ಲಿನ ಮನೆ, ಉಡುಪುಗಳನ್ನು ನೋಡಿ ಹೊಸದಾಗಿ ಬರೆಸಿದರು. ನಾವು ಐಸೋಟೈಪಿನಿಂದ ಆಕೃತಿಗಳನ್ನು ತಂದುಕೊಂಡೆವು, ನಡುವಿನ ಆ ಕುರ್ಚಿಯನ್ನು ತರಲಿಲ್ಲ. ನಮ್ಮಲ್ಲಿ ಅಂಕಿಯ ಹಾಳೆ ಕಚೇರಿಯಿಂದ ನೇರವಾಗಿ ಡಿಟಿಪಿ ಅಂಗಡಿಗೆ ಹೋಗುತ್ತದೆ. ಅಲ್ಲಿನ ಹುಡುಗ ಕಂಪ್ಯೂಟರಿನಲ್ಲಿ ಸಿಕ್ಕ ಐದು ಗೊಂಬೆಗಳನ್ನು ಇಟ್ಟು ಒಂದಕ್ಕೆ ಕೆಂಪು ಬಳಿಯುತ್ತಾನೆ. ಅವನದು ತಪ್ಪಲ್ಲ. ಈ ಐವರು ಯಾರು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಈ ಕ್ಷೇತ್ರ ದಾರಿ ತಪ್ಪಿದ್ದು ಇಲ್ಲಿ ಎಂಬುದು ನನ್ನ ಬಹುಕಾಲದ ನಂಬಿಕೆ. ಬಣ್ಣ ತುಂಬಿದ ಒಬ್ಬಳ ಬಗ್ಗೆ ನಾವು ಯೋಚಿಸಿದಷ್ಟು, ಬಣ್ಣವಿಲ್ಲದ ನಾಲ್ವರ ಬಗ್ಗೆ ಯೋಚಿಸಲಿಲ್ಲ. ಅಂಶವನ್ನು ಬರೆದೆವು, ಛೇದವನ್ನು ಬಿಟ್ಟೆವು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯ ಸಭೆಯಲ್ಲಿ ಬಾಲ್ಯವಿವಾಹದ ಪೋಸ್ಟರ್ ಹಾಕಿದ್ದರು. ಎರಡು ಜಡೆ, ಶಾಲೆಯ ಸಮವಸ್ತ್ರ, ಐದು ಹುಡುಗಿಯರು, ಒಬ್ಬಳು ಕೆಂಪು. ‘ಐವರಲ್ಲಿ ಒಬ್ಬಳು’ ಎಂಬ ದಪ್ಪ ಅಕ್ಷರ, ಕೆಳಗೆ ತಾಲ್ಲೂಕಿನ ಹೆಸರು. ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ತಾಯಿ ಕೆಂಪು ಹುಡುಗಿಯನ್ನು ತೋರಿಸಿ ಕೇಳಿದರು: “ಸರ, ಈಕಿ ಯಾರ ಮನಿಯಾಕಿರೀ?” ಕೆಲವರು ನಕ್ಕರು. ಆದರೆ ಚಿತ್ರನಕ್ಷೆಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ.

ಆ ಅಂಕಿ ಬಂದದ್ದು 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ. ಕರ್ನಾಟಕಕ್ಕೆ ಅದು ಶೇಕಡಾ 21.3. ಅದು 20ರಿಂದ 24 ವರ್ಷದ ಹೆಣ್ಣುಮಕ್ಕಳ ಲೆಕ್ಕ: ಅವರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಎಷ್ಟು ಎಂದು. ಶಾಲೆಯಲ್ಲಿರುವ ಹುಡುಗಿಯನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಅವಳಿಗೆ 18 ಇನ್ನೂ ಆಗಿಲ್ಲ, ಅವಳ ಲೆಕ್ಕ ಮುಗಿದಿಲ್ಲ. ಹಾಗಾಗಿ ಪೋಸ್ಟರಿನ ಐವರು ಸಮವಸ್ತ್ರದ ಹುಡುಗಿಯರಾಗಬಾರದು. ಸೀರೆ ಅಥವಾ ಚೂಡಿದಾರ ತೊಟ್ಟ ತರುಣಿಯರಾಗಬೇಕು. ಕಾಲವೂ ಬೇರೆ. ಸಮೀಕ್ಷೆಯ ಹೊತ್ತಿಗೆ 24 ಆಗಿದ್ದವಳಿಗೆ 18 ತುಂಬಿದ್ದು ಅದಕ್ಕೂ ಆರು ವರ್ಷ ಹಿಂದೆ. ಈ ಅಂಕಿ ಹೇಳುತ್ತಿರುವುದು ಕಳೆದ ವರ್ಷಗಳ ಕಥೆ, ಈ ವರ್ಷ ಒಂಬತ್ತನೇ ತರಗತಿಯಲ್ಲಿ ಕುಳಿತವರದಲ್ಲ. ಜಾಗವೂ ಬೇರೆ. ಈ ಸಮೀಕ್ಷೆ ಜಿಲ್ಲೆಯವರೆಗೆ ಮಾತ್ರ ಅಂದಾಜು ಕೊಡುತ್ತದೆ. ಬಸವಕಲ್ಯಾಣಕ್ಕೆ, ಹುಮನಾಬಾದಿಗೆ ಪ್ರತ್ಯೇಕ ಅಂಕಿ ಅದರಲ್ಲಿಲ್ಲ. ರಾಜ್ಯದ ಅಂಕಿಯ ಕೆಳಗೆ ತಾಲ್ಲೂಕಿನ ಹೆಸರು ಬರೆದದ್ದೇ ಆ ಪೋಸ್ಟರಿನ ದೊಡ್ಡ ತಪ್ಪು. ತಾಲ್ಲೂಕು ಎಂಬುದೂ ನಿಂತ ನೀರಲ್ಲ. 2011ರ ಜನಗಣತಿಯ ಹುಮನಾಬಾದಿನಲ್ಲಿ ಚಿಟಗುಪ್ಪಾ ಇತ್ತು, ಬಸವಕಲ್ಯಾಣದಲ್ಲಿ ಹುಲಸೂರು ಇತ್ತು. ಈಗ ಎರಡೂ ಬೇರೆ ತಾಲ್ಲೂಕುಗಳು. ಹಳೆಯ ಅಂಕಿಯನ್ನು ಇಂದಿನ ಗೋಡೆಗೆ ಬರೆಯುವವರು ಇದನ್ನು ಹೇಳಲೇಬೇಕು.

ಇನ್ನು ಐವರು ಎಂಬ ಗುಂಪನ್ನೇ ನೋಡಿ. ಕರ್ನಾಟಕದ 21.3 ಐವರಲ್ಲಿ ಒಬ್ಬಳಿಗೆ ಹತ್ತಿರ. ಅದೇ ಸಮೀಕ್ಷೆಯಲ್ಲಿ ದೇಶದ ಅಂಕಿ 23.3, ಅದು 20ಕ್ಕಿಂತ 25ಕ್ಕೆ ಹತ್ತಿರ, ಆದ್ದರಿಂದ ನಾಲ್ವರಲ್ಲಿ ಒಬ್ಬಳು. ಎರಡೇ ಅಂಶದ ಅಂತರ, ಚಿತ್ರದಲ್ಲಿ ಒಂದು ಆಳೇ ಮಾಯ. ಈಗ ತಿರುಗಿಸಿ. 2015–16ರ ಸಮೀಕ್ಷೆಯಲ್ಲಿ ದೇಶದ ಅಂಕಿ 26.8 ಇತ್ತು. ಅದೂ ನಾಲ್ವರಲ್ಲಿ ಒಬ್ಬಳೇ. ಅಂದರೆ ಮೂರೂವರೆ ಅಂಶ ಇಳಿದಿದ್ದರೂ ಚಿತ್ರ ಅಲ್ಲಾಡಲಿಲ್ಲ. ದೊಡ್ಡ ಬದಲಾವಣೆಯನ್ನು ಮುಚ್ಚಿ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುವ ಚಿತ್ರವನ್ನು ಪಕ್ಕಪಕ್ಕ ಹೋಲಿಸಲು ಬಳಸಲೇಬಾರದು. ಒಂಟಿಯಾಗಿ ನಿಂತಾಗ ‘ಐವರಲ್ಲಿ ಒಬ್ಬಳು’ ಸರಿ. ಎರಡು ಊರು, ಎರಡು ಕಾಲವನ್ನು ಹೋಲಿಸುವಾಗ ಪ್ರತಿಯೊಂದು ಚಿತ್ರದಲ್ಲೂ ನೂರೇ ಆಕೃತಿ ಇರಬೇಕು: ಒಂದರಲ್ಲಿ 21, ಇನ್ನೊಂದರಲ್ಲಿ 23, ಮತ್ತೊಂದರಲ್ಲಿ 27.

ನೂರು ಎಂದರೆ ಗೋಡೆ ಸಾಲದು ಎನ್ನುತ್ತಾರೆ. ಸಾಲುತ್ತದೆ. ಐದು ಅಡಿ ಉದ್ದ, ಐದು ಅಡಿ ಅಗಲದ ಚೌಕ ತೆಗೆದುಕೊಳ್ಳಿ. ಸಾಲಿಗೆ ಹತ್ತರಂತೆ ಹತ್ತು ಸಾಲು, ಒಂದೊಂದು ಮನೆ ಅರ್ಧ ಅಡಿ. ಐದು ಇಂಚಿನ ಒಂದೇ ಆಕೃತಿಯನ್ನು ತಗಡಿನಲ್ಲಿ ಕೊರೆದು ಅಚ್ಚು ಮಾಡಿಕೊಂಡರೆ ನೂರೂ ಒಂದೇ ಅಳತೆಗೆ ಬರುತ್ತವೆ. ಸಾಲಿಗೆ ಹತ್ತು ಇರುವುದರಿಂದ ಎರಡು ತುಂಬಿದ ಸಾಲು ಮತ್ತು ಒಬ್ಬಳು ಎಂದು ಎಣಿಸದೆಯೇ ತಿಳಿಯುತ್ತದೆ. ಉಳಿದ 79 ಆಕೃತಿಗಳನ್ನು ಗೋಡೆಯ ಸುಣ್ಣದಲ್ಲಿ ಕರಗಿ ಹೋಗುವಂತೆ ತಿಳಿಯಾಗಿ ಬರೆಯಬಾರದು. ಬಾಧಿತರನ್ನು ಮಾತ್ರ ತೋರಿಸಿ ಉಳಿದವರನ್ನು ಮರೆಸಿದರೆ ನೋಡುವವರು ಅಪಾಯವನ್ನು ಇರುವುದಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತಾರೆ ಎಂದು ಪ್ರಯೋಗಗಳು ತೋರಿಸಿವೆ. ಬಾಲ್ಯವಿವಾಹದಂಥ ವಿಷಯದಲ್ಲಿ ಅದು ಇನ್ನೂ ಕೆಟ್ಟದ್ದು. 18 ತುಂಬಿದ ಮೇಲೆ ಮದುವೆಯಾದವರು, ಇನ್ನೂ ಆಗದವರು, ಇವರೇ ಹೆಚ್ಚಿನವರು ಎಂಬುದು ಆ ಹಳ್ಳಿಯ ತಂದೆತಾಯಂದಿರ ಕಣ್ಣಿಗೆ ಬೀಳಲೇಬೇಕು. ‘ಎಲ್ಲರೂ ಹಿಂಗೇ ಮಾಡ್ತಾರ’ ಎಂಬ ಮಾತಿಗೆ ಆ 79 ಜನರೇ ಉತ್ತರ.

ಈಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆಗೆ ಬರುತ್ತೇನೆ. ಆ 21 ಜನರನ್ನು ಎಲ್ಲಿ ನಿಲ್ಲಿಸಬೇಕು? ಒಟ್ಟಿಗೆ ನಿಲ್ಲಿಸಿದರೆ ಎಣಿಕೆ ಸುಲಭ. ನೂರರ ನಡುವೆ ಚದುರಿಸಿದರೆ ‘ಇದು ಯಾರಿಗೂ ಆಗಬಹುದು’ ಎಂಬ ಅರ್ಥ ಬರುತ್ತದೆ, ಆದರೆ ಎಣಿಸಲು ಕಷ್ಟ. ರೋಗದ ಅಪಾಯ ಹೇಳುವ ವೈದ್ಯರು ಇವೆರಡರ ನಡುವೆ ಬಹಳ ಚರ್ಚಿಸಿದ್ದಾರೆ. ನಮ್ಮ ವಿಷಯಕ್ಕೆ ಎರಡೂ ಒಪ್ಪುವುದಿಲ್ಲ. ಅದೇ ಸಭೆಯಲ್ಲಿ ಇನ್ನೊಬ್ಬ ಹಿರಿಯಾಕೆ ಹೇಳಿದ್ದನ್ನು ಕೇಳಿ: “ನಮ್ ಓಣ್ಯಾಗ ಐದ್ರಾಗ ಒಂದಲ್ರೀ ಸರ, ಎರಡು ಮನಿ ಬಿಟ್ರ ಎಲ್ಲಾ ಹಂಗೇ ಆಗ್ಯಾವ. ಮ್ಯಾಗಿನ ಓಣ್ಯಾಗ ಒಂದೂ ಇಲ್ಲ.” ಬಡತನ, ಶಾಲೆಯ ದೂರ, ಸೋದರ ಸಂಬಂಧದ ಒತ್ತಾಯ, ಕೆಲಸ ಹುಡುಕಿ ವಲಸೆ ಹೋಗುವ ಕುಟುಂಬಗಳ ಭಯ, ಇವೆಲ್ಲ ಓಣಿ ಓಣಿಯಲ್ಲಿ ಗುಂಪಾಗಿ ಇರುತ್ತವೆ. ಸಮನಾಗಿ ಹಂಚಿದ ಐದೈದರ ಸಾಲು ಪ್ರತಿ ಓಣಿಗೂ ಒಬ್ಬಳು ಎಂಬ ಸುಳ್ಳನ್ನು ಹೇಳುತ್ತದೆ. ಗುಂಪು ಗುಂಪಾಗಿ ಬರೆಯೋಣವೆಂದರೆ, ಯಾವ ಓಣಿಯಲ್ಲಿ ಎಷ್ಟು ಎಂದು ಹೇಳುವ ಅಂಕಿ ಮಾದರಿ ಸಮೀಕ್ಷೆಯಲ್ಲಿ ಇರುವುದಿಲ್ಲ. ಇದ್ದರೂ ಅದನ್ನು ಊರ ಗೋಡೆಗೆ ಬರೆದರೆ ಕೆಂಪು ಆಕೃತಿಗೆ ಮನೆಯ ವಿಳಾಸ ಸಿಕ್ಕಿಬಿಡುತ್ತದೆ. ‘ಈಕಿ ಯಾರ ಮನಿಯಾಕಿ’ ಎಂಬ ಪ್ರಶ್ನೆಗೆ ಉತ್ತರ ಕೊಡಬಾರದ ಜಾಗ ಅದು.

ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ. ಮಾದರಿ ಸಮೀಕ್ಷೆಯ ತಜ್ಞರು ಈ ಸಭೆಯಲ್ಲಿ ಇದ್ದಾರೆ, ಗೋಡೆ ಬರೆಯುವ ಕಲಾವಿದರೂ ಇದ್ದಾರೆ, ಓಣಿಗಳನ್ನು ಅಂಗೈಯಂತೆ ಬಲ್ಲ ಆಶಾ ತಾಯಂದಿರೂ ಇದ್ದಾರೆ. ಮಧ್ಯಾಹ್ನದ ಗೋಷ್ಠಿಗಾಗಿ ಮೂರು ಹಾಳೆಗಳನ್ನು ಬರೆಸಿ ತಂದಿದ್ದೇನೆ. ಒಂದರಲ್ಲಿ 21 ಜನ ಕೆಳಗಿನ ಸಾಲುಗಳಲ್ಲಿ ಒಟ್ಟಿಗೆ, ಒಂದರಲ್ಲಿ ಚದುರಿ, ಇನ್ನೊಂದರಲ್ಲಿ ಮೂರು ನಾಲ್ಕು ಗುಂಪುಗಳಲ್ಲಿ. ಮೂರರಲ್ಲೂ ವಯಸ್ಸು, ವರ್ಷ, ರಾಜ್ಯದ ಹೆಸರನ್ನು ಮೇಲೆಯೇ ಬರೆದಿದೆ. ಹಾಳೆ ನೋಡಿದ ಮೇಲೆ ಯಾವುದು ಚಂದ ಎಂದು ದಯವಿಟ್ಟು ಹೇಳಬೇಡಿ. ನೂರರಲ್ಲಿ ಎಷ್ಟು ಜನ, ಆ ನೂರು ಜನ ಯಾರು, ನಿಮ್ಮ ಊರಿನಲ್ಲಿ ಇದು ಹೇಗೆ ಹರಡಿರಬಹುದು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಡಿ. ಬರೆಯಲು ಬಾರದವರು ಹೇಳಿದರೆ ಪಕ್ಕದಲ್ಲಿರುವ ಶಿಕ್ಷಕರು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಚೀಟಿಗಳನ್ನು ನಾಳೆ ಬೆಳಿಗ್ಗೆ, ಮೊದಲ ಗೋಷ್ಠಿ ಶುರುವಾಗುವ ಮುನ್ನ, ಎಲ್ಲರ ಎದುರು ಎಣಿಸೋಣ.